ಎಂನಿಸ್ಟ್ ಮನೆತನಕ್ಕೆ ಸೇರಿದ ಕನ್ನಡ ಅಂಕಿಗಳು

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಬಳಿ ಕೈಬರಹದ ಅಂಕಿಗಳ ಎರಡು ಸಂಗ್ರಹಗಳಿದ್ದವು: ‘ಸ್ಪೆಷಲ್ ಡೇಟಾಬೇಸ್ 1’ ಮತ್ತು ‘ಸ್ಪೆಷಲ್ ಡೇಟಾಬೇಸ್ 3’. ಒಂದರಲ್ಲಿ ಹೈಸ್ಕೂಲು ವಿದ್ಯಾರ್ಥಿಗಳ ಬರಹ, ಇನ್ನೊಂದರಲ್ಲಿ ಜನಗಣತಿ ನೌಕರರ ಅಚ್ಚುಕಟ್ಟಾದ ಬರಹ. ನೌಕರರ ಅಂಕಿಗಳನ್ನು ತೋರಿಸಿ ಕಂಪ್ಯೂಟರಿಗೆ ಕಲಿಸಿ, ವಿದ್ಯಾರ್ಥಿಗಳ ಅಂಕಿಗಳ ಮೇಲೆ ಪರೀಕ್ಷಿಸಿದರೆ ಫಲಿತಾಂಶವನ್ನು ನಂಬುವಂತಿರಲಿಲ್ಲ. 1990ರ ದಶಕದಲ್ಲಿ ಯಾನ್ ಲೆಕುನ್, ಕೊರಿನಾ ಕಾರ್ಟೆಸ್ ಮತ್ತು ಕ್ರಿಸ್ಟೋಫರ್ ಬರ್ಜಸ್ ಎರಡನ್ನೂ ಬೆರೆಸಿದರು. ಕಲಿಕೆಗೆ 60,000 ಚಿತ್ರಗಳು, ಪರೀಕ್ಷೆಗೆ 10,000. ಪ್ರತಿಯೊಂದೂ 28×28 ಚುಕ್ಕಿಗಳದ್ದು. ‘ಮಾಡಿಫೈಡ್’ ಎಂಬುದರ ಮೊದಲಕ್ಷರವನ್ನು ನಿಸ್ಟ್ ಮುಂದೆ ಸೇರಿಸಿದರು, ಎಂನಿಸ್ಟ್ ಆಯಿತು.

ಡೇಟಾಬೇಸ್ 1, 3 ಎಂಬ ಹೆಸರುಗಳು ಬೀರುವಿನ ಮೇಲಿನ ಚೀಟಿಯಂತಿದ್ದವು. ಎಂನಿಸ್ಟ್ ಹಾಗಲ್ಲ. ಒಂದೇ ಉಸಿರಿನಲ್ಲಿ ಹೇಳಬಹುದು, ಹುಡುಕಿದರೆ ಬೇರೇನೂ ಅಡ್ಡ ಬರುವುದಿಲ್ಲ.

ಬಳಸುತ್ತ ಬಳಸುತ್ತ ಆ ಹೆಸರೇ ಒಂದು ಅಳತೆಯ ಗುರುತಾಯಿತು. 2017ರಲ್ಲಿ ಜಲಾಂಡೋ ಕಂಪನಿಯ ಸಂಶೋಧಕರು ಅಂಗಿ, ಬೂಟು, ಚೀಲಗಳ ಚಿತ್ರಗಳನ್ನು ಅದೇ ಸಂಖ್ಯೆ, ಅದೇ ಗಾತ್ರದಲ್ಲಿ ಜೋಡಿಸಿ ‘ಫ್ಯಾಷನ್-ಎಂನಿಸ್ಟ್’ ಎಂದರು. ಹಳೆಯ ಪ್ರೋಗ್ರಾಮಿನಲ್ಲಿ ಕಡತ ಬದಲಿಸಿದರೆ ಸಾಕು, ಕೆಲಸ ಶುರು. ಹೆಸರು ಕೊಟ್ಟ ಈ ಭರವಸೆಯನ್ನು ಕಡತಗಳೂ ಉಳಿಸಿಕೊಂಡವು. ಅಳತೆ ಬೇರೆಯಾಗಿದ್ದರೆ ಅದೇ ಹೆಸರು ಬಳಕೆದಾರರ ದಾರಿ ತಪ್ಪಿಸುತ್ತಿತ್ತು.

2019ರಲ್ಲಿ ವಿನಯ್ ಪ್ರಭು ಕನ್ನಡದ ಕೈಬರಹದ ಅಂಕಿಗಳನ್ನು ಇದೇ ಅಚ್ಚಿಗೆ ತಂದರು. ೩ ಮತ್ತು ೭, ೬ ಮತ್ತು ೯ ಅವಸರದಲ್ಲಿ ಬರೆದಾಗ ಎಷ್ಟು ಹತ್ತಿರ ಬರುತ್ತವೆಂಬುದು ನಮಗೆಲ್ಲ ಗೊತ್ತು. ಕಂಪ್ಯೂಟರಿಗೂ ಅದು ಒಳ್ಳೆಯ ಪರೀಕ್ಷೆಯೇ. ಆದರೆ ಹಿಂದಿನ ವರ್ಷವೇ ಜಪಾನಿನ ಹಳೆಯ ಕುಜುಶಿಜಿ ಲಿಪಿಯ ಸಂಗ್ರಹವೊಂದು KMNIST ಎಂಬ ಚುಟುಕು ಹೆಸರನ್ನು ಪಡೆದಿತ್ತು. ಕನ್ನಡದ ಸಂಗ್ರಹ Kannada-MNIST ಎಂದೇ ಬಂತು. ಒಂದಿಷ್ಟು ಉದ್ದವಾದರೂ ಗೊಂದಲವಿಲ್ಲ, ಜೊತೆಗೆ ಭಾಷೆಯ ಹೆಸರು ಇಡಿಯಾಗಿ ಉಳಿಯಿತು. ಹೆಸರಿಡುವ ಮುನ್ನ ಅದನ್ನು ಪ್ರಬಂಧಗಳಲ್ಲೂ ಕೋಡ್ ಸಂಗ್ರಹಗಳಲ್ಲೂ ಹುಡುಕಿ ನೋಡಬೇಕೆನ್ನುವುದು ಇದಕ್ಕೇ.

ಹೆಸರು ನಿಂತ ಮಾತ್ರಕ್ಕೆ ಶ್ರೇಯಸ್ಸು ಸರಿಯಾದವರಿಗೆ ಸೇರುತ್ತದೆಂದಿಲ್ಲ. ಎಂನಿಸ್ಟ್ ಬಳಸಿದ ಅನೇಕರು ಉಲ್ಲೇಖಿಸುವುದು ದಾಖಲೆಪತ್ರಗಳ ಓದಿನ ಕುರಿತ 1998ರ ಪ್ರಬಂಧವನ್ನು. ಅದರ ನಾಲ್ವರು ಲೇಖಕರಲ್ಲಿ ಲೆಕುನ್ ಇದ್ದಾರೆ. ಸಂಗ್ರಹ ಕಟ್ಟಿದ ಕಾರ್ಟೆಸ್ ಮತ್ತು ಬರ್ಜಸ್ ಇಲ್ಲ. ಇದು ಅನ್ಯಾಯವೇ. ಹಾಗಾಗಿ ಈಗಿನವರು ಪ್ರಬಂಧದ ಶೀರ್ಷಿಕೆಯನ್ನು ಸಂಗ್ರಹದ ಹೆಸರಿನಿಂದಲೇ ಆರಂಭಿಸಿ, ಕೋಲನ್ ಹಾಕಿ ವಿವರಣೆ ಕೊಡುತ್ತಾರೆ. ಕನ್ನಡದ ಸಂಗ್ರಹವೂ ಹೀಗೆಯೇ ಬಂದದ್ದು. ಕೋಡ್ ಜೊತೆ `CITATION.cff` ಎಂಬ ಪುಟ್ಟ ಕಡತವನ್ನೂ ಇಟ್ಟು, ಯಾರ ಹೆಸರನ್ನು ಹೇಗೆ ಉಲ್ಲೇಖಿಸಬೇಕೆಂದು ಅದರಲ್ಲಿ ಬರೆದಿಡಬಹುದು.