‘ಒಪ್ಪಿದೆ ಸರ್’ಗಳ ನಡುವೆ ಒಂದು ‘ಆದರೆ’

ಒಂದು ಸರ್ಕಾರಿ ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ಶಿಕ್ಷಕರ ವಾಟ್ಸ್ಆಪ್ ಗುಂಪಿನಲ್ಲಿ ಮುಖ್ಯ ಶಿಕ್ಷಕರೂ ಸೇರಿ 14 ಜನ ಇದ್ದಾರೆ. ಶುಕ್ರವಾರ ರಾತ್ರಿ 8:40ಕ್ಕೆ ಗಣಿತದ ಮೇಷ್ಟ್ರು ಒಂದು ಪ್ರಸ್ತಾಪ ಇಡುತ್ತಾರೆ: ‘ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸೋಮವಾರದಿಂದ ಬೆಳಿಗ್ಗೆ 8:15ರಿಂದ 9:15ರವರೆಗೆ ಗಣಿತದ ವಿಶೇಷ ತರಗತಿ ತಗೊಳ್ತೀನಿ. ಸಂಜೆ ಮಕ್ಕಳು ಸುಸ್ತಾಗಿರ್ತಾರೆ, ಹೇಳಿದ್ದು ತಲೆಗೆ ಹೋಗಲ್ಲ.’ ಹತ್ತು ನಿಮಿಷದಲ್ಲಿ ಆರು ಹೆಬ್ಬೆರಳು ಎದ್ದು ನಿಲ್ಲುತ್ತವೆ. ಮುಖ್ಯ ಶಿಕ್ಷಕರು ‘ಒಳ್ಳೆಯ ಯೋಚನೆ ಸರ್’ ಎಂದು ಬರೆಯುತ್ತಾರೆ.

ಸಮಾಜ ವಿಜ್ಞಾನದ ಮೇಡಂಗೆ ಮಾತ್ರ ಇದು ಸರಿಬರುವುದಿಲ್ಲ. ಹತ್ತನೇ ತರಗತಿಯ ಮಕ್ಕಳಲ್ಲಿ ಎಷ್ಟೋ ಜನ ದೂರದ ಹಳ್ಳಿಗಳಿಂದ ಸರ್ಕಾರಿ ಬಸ್ಸಿಗೆ ಬರುವವರು. ಆ ಬಸ್ಸು ಊರು ಮುಟ್ಟುವುದೇ 9:25ಕ್ಕೆ. ಹೇಳದಿದ್ದರೆ ಆ ಮಕ್ಕಳಿಗೆ ನಷ್ಟ. ಹೇಳುವ ರೀತಿ ತಪ್ಪಿದರೆ ಎದುರಿಗಿರುವ ಒಬ್ಬರಷ್ಟೇ ಅಲ್ಲ, ಹೆಬ್ಬೆರಳು ಒತ್ತಿದ ಆರು ಜನರೂ ದೂರ ಸರಿಯುತ್ತಾರೆ.

ಅವರ ಬೆರಳ ತುದಿಗೆ ಮೊದಲು ಬರುವ ಸಾಲು ಇದು: ‘ಇದು ಆಗದ ಮಾತು ಸರ್. ಹಳ್ಳಿ ಮಕ್ಕಳ ಬಗ್ಗೆ ಯಾರೂ ಯೋಚನೆನೇ ಮಾಡಲ್ಲ.’ ಇದರಲ್ಲಿ ನೋವು ನಿಜ, ಕಾಳಜಿಯೂ ನಿಜ. ಆದರೆ ಬಸ್ಸಿನ ಸುದ್ದಿಯೇ ಇಲ್ಲ! ‘ಯಾರೂ’ ಎಂಬ ಮಾತು ಆಗಲೇ ಒಪ್ಪಿದ ಎಲ್ಲರ ಮೇಲೂ ಬೀಳುತ್ತದೆ. ಗಣಿತದ ಮೇಷ್ಟ್ರು ‘ಹಾಗಾದ್ರೆ ನೀವೇ ಒಂದು ದಾರಿ ಹೇಳಿ ಮೇಡಂ’ ಎನ್ನುತ್ತಾರೆ, ಇನ್ನೊಬ್ಬರು ಕೈಮುಗಿಯುವ ಚಿತ್ರ ಹಾಕುತ್ತಾರೆ, ಉಳಿದವರು ಸುಮ್ಮನಾಗುತ್ತಾರೆ. ಅಲ್ಲಿಂದ ಮುಂದೆ ಚರ್ಚೆ ತರಗತಿಯ ಸಮಯದ ಬಗ್ಗೆ ನಡೆಯುವುದಿಲ್ಲ, ಯಾರಿಗೆ ಮಕ್ಕಳ ಮೇಲೆ ಹೆಚ್ಚು ಪ್ರೀತಿ ಎಂಬುದರ ಬಗ್ಗೆ ನಡೆಯುತ್ತದೆ.

ಬರೆದ ಮಾತಿಗೆ ದನಿಯಿಲ್ಲ ಎಂಬುದು ನಮಗೆಲ್ಲ ಗೊತ್ತು. ನಮ್ಮದೇ ಮಾತಿನ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಇಮೇಲ್ ಕುರಿತ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ, ಬರೆದದ್ದು ಗಂಭೀರವೋ ವ್ಯಂಗ್ಯವೋ ಎಂಬುದನ್ನು ಓದುವವರು ನೂರಕ್ಕೆ ಸುಮಾರು 78 ಸಲ ಸರಿಯಾಗಿ ಹಿಡಿಯುತ್ತಾರೆ ಎಂದು ಬರೆದವರು ನಂಬಿದ್ದರು. ಓದಿದವರು ಸರಿಯಾಗಿ ಹಿಡಿದದ್ದು ಸುಮಾರು 56 ಸಲ. ಕಣ್ಣು ಮುಚ್ಚಿ ಊಹಿಸಿದರೂ 50 ಸಲ ಸರಿಯಾಗುತ್ತಿತ್ತು. ಬರೆಯುವಾಗ ನಮ್ಮ ಕಿವಿಯಲ್ಲಿ ನಮ್ಮದೇ ದನಿ ಕೇಳುತ್ತಿರುತ್ತದೆ, ಓದುವವರಿಗೆ ಅದು ಕೇಳುವುದಿಲ್ಲ. ಆದ್ದರಿಂದ ಗುಂಪಿನಲ್ಲಿ ಭಿನ್ನಾಭಿಪ್ರಾಯ ಹೇಳುವವರು ವ್ಯಂಗ್ಯವನ್ನೂ ಅರ್ಧಕ್ಕೆ ಬಿಟ್ಟ ಚುಕ್ಕಿಗಳನ್ನೂ ಪೂರ್ತಿ ಕೈಬಿಡಬೇಕು. ಮನಸ್ಸಿನಲ್ಲಿರುವ ಗೌರವವನ್ನು ಓದುವವರ ಊಹೆಗೆ ಬಿಡದೆ ಅಕ್ಷರದಲ್ಲೇ ಬರೆಯಬೇಕು.

ಇನ್ನು ಆ ಆರು ಹೆಬ್ಬೆರಳುಗಳು. ಅವು ಒಪ್ಪಿಗೆಯಂತೆ ಕಾಣುತ್ತವೆ, ಆದರೆ ಎಲ್ಲವೂ ಒಪ್ಪಿಗೆಯಲ್ಲ. 1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಗೆರೆಗಳ ಉದ್ದ ಹೋಲಿಸುವ ಒಂದು ಸರಳ ಪ್ರಯೋಗ ಮಾಡಿದರು. ಗುಂಪಿನ ಉಳಿದವರು ಮೊದಲೇ ಮಾತಾಡಿಕೊಂಡು ಒಂದೇ ತಪ್ಪು ಉತ್ತರ ಕೊಡುತ್ತಿದ್ದರು, ವಿಷಯ ಗೊತ್ತಿಲ್ಲದ ಒಬ್ಬ ಕೊನೆಯ ಹೊತ್ತಿಗೆ ಉತ್ತರಿಸಬೇಕಿತ್ತು. ಅಂಥ ಸುತ್ತುಗಳ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ಗುಂಪಿನ ತಪ್ಪಿಗೇ ವಾಲಿತು. ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳುವವರಿದ್ದಾಗ ಈ ವಾಲುವಿಕೆ ತೀರಾ ಕಡಿಮೆಯಾಯಿತು. ನಮ್ಮ ಶಾಲೆಯ ಗುಂಪಿನಲ್ಲೂ ಬಸ್ಸಿನ ವಿಷಯ ಹೊಳೆದಿರುವ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಯಾರಾದರೂ ಮೊದಲು ಹೇಳಲಿ ಎಂದು ಕಾಯುತ್ತಿರುತ್ತಾರೆ. ಮೇಡಂ ಬರೆಯಬೇಕಾದ ಸಂದೇಶ ಈ ಮೌನಿಗಳಿಗೂ ಬಾಗಿಲು ತೆರೆಯುವಂತಿರಬೇಕು. ಮಾತು ಜಗಳದಂತೆ ಕೇಳಿಸಿದರೆ ಅವರು ಒಳಗೆ ಬರುವುದಿಲ್ಲ.

ಹಾಗಾದರೆ ಆ ರಾತ್ರಿ ಅವರು ಏನು ಮಾಡಬೇಕು? ಪೂರ್ತಿ ಸುಮ್ಮನಿದ್ದರೆ ಬೆಳಗಾಗುವಷ್ಟರಲ್ಲಿ ತೀರ್ಮಾನ ಗಟ್ಟಿಯಾಗುತ್ತದೆ. ಆಗಲೇ ವಾದಕ್ಕಿಳಿದರೆ ಕೈಯಲ್ಲಿ ಅಂಕಿ-ಅಂಶ ಇಲ್ಲ. ಮಧ್ಯದ ದಾರಿ ಒಂದು ಚಿಕ್ಕ ಸಂದೇಶ: ‘ಸರ್, 8:15ರ ಸಮಯದ ಬಗ್ಗೆ ಒಂದು ಮಾಹಿತಿ ನೋಡಿ ಹೇಳಬೇಕಿದೆ. ನಾಳೆ ಮಧ್ಯಾಹ್ನದೊಳಗೆ ಇಲ್ಲೇ ಹಾಕ್ತೀನಿ.’ ಇದರಲ್ಲಿ ವಿರೋಧವಿಲ್ಲ. ಆದರೆ ತೀರ್ಮಾನಕ್ಕೆ ಅರ್ಧ ದಿನದ ಬಿಡುವು ಸಿಗುತ್ತದೆ.

ಶನಿವಾರ ಬೆಳಿಗ್ಗೆ ಅವರು ಹಾಜರಿ ಪುಸ್ತಕವನ್ನೂ ಕಳೆದ ಕಿರು ಪರೀಕ್ಷೆಯ ಅಂಕಪಟ್ಟಿಯನ್ನೂ ತೆಗೆಯುತ್ತಾರೆ. ಹತ್ತನೇ ತರಗತಿಯಲ್ಲಿ 46 ಮಕ್ಕಳು, ಬಸ್ಸಿಗೆ ಬರುವವರು 17. ಗಣಿತದಲ್ಲಿ ತೀರಾ ಹಿಂದುಳಿದವರು 12, ಅವರಲ್ಲಿ 8 ಜನ ಬಸ್ಸಿನ ಮಕ್ಕಳು. ಈ ಕೊನೆಯ ಲೆಕ್ಕವೇ ಎಲ್ಲವನ್ನೂ ಬದಲಿಸುತ್ತದೆ. ಈವರೆಗೆ ಇದ್ದದ್ದು ‘ನಿಮ್ಮ ಯೋಜನೆ ಸರಿಯಿಲ್ಲ’ ಎಂಬ ಆಕ್ಷೇಪ. ಈಗ ಅದು ‘ನೀವು ಯಾರಿಗಾಗಿ ಇದನ್ನು ಮಾಡಹೊರಟಿರೋ ಅವರಲ್ಲೇ ಹೆಚ್ಚಿನವರಿಗೆ ಇದು ತಲುಪುವುದಿಲ್ಲ’ ಎಂಬ ಮಾತಾಯಿತು. ಪ್ರಸ್ತಾಪ ಇಟ್ಟವರ ಗುರಿಯನ್ನೇ ಹಿಡಿದುಕೊಂಡು ನಿಂತ ಆಕ್ಷೇಪವನ್ನು ಅವರೂ ತಮ್ಮದೆಂದು ತೆಗೆದುಕೊಳ್ಳಬಲ್ಲರು.

ಗುಂಪಿಗೆ ಹಾಕುವ ಮುಂಚೆ ಇನ್ನೊಂದು ಹೆಜ್ಜೆ ಇದೆ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಸಿಕ್ಕಾಗ ಎರಡು ನಿಮಿಷ ಮಾತಾಡಬೇಕು: ‘ಸರ್, ಬಸ್ಸಿನ ಮಕ್ಕಳ ಲೆಕ್ಕ ತೆಗೆದಿದೀನಿ, ಗುಂಪಿನಲ್ಲಿ ಹಾಕ್ತೀನಿ. ಮೊದಲು ನಿಮಗೆ ಹೇಳೋಣ ಅಂತ ಬಂದೆ.’ ಎಲ್ಲರ ಮುಂದೆ ಮೊದಲ ಸಲ ಕೇಳುವ ಕಸಿವಿಸಿ ಇದರಿಂದ ತಪ್ಪುತ್ತದೆ. ಇಬ್ಬರೇ ಅಲ್ಲೇ ಮುಗಿಸಿಬಿಡಬಹುದಲ್ಲ ಎನಿಸಬಹುದು. ಆದರೆ ಒಪ್ಪಿಗೆಗಳು ಬಿದ್ದಿರುವುದು ಗುಂಪಿನಲ್ಲಿ. ಹೊರಗೆ ಮಾತಾಡಿ ತಿರುಗಿಸಿದ ತೀರ್ಮಾನ ಉಳಿದವರಿಗೆ ಒಳಸಂಚಿನಂತೆ ಕಾಣುತ್ತದೆ. ಮೇಷ್ಟ್ರನ್ನು ಬಿಟ್ಟು ನೇರ ಮುಖ್ಯ ಶಿಕ್ಷಕರ ಹತ್ತಿರ ಹೋಗುವುದಂತೂ ಬೇಡವೇ ಬೇಡ. ಅದು ಗೆದ್ದರೂ ನಂಬಿಕೆ ಕಳೆಯುವ ದಾರಿ.

ಈಗ ಸಂದೇಶ. ಮೇಷ್ಟ್ರ ಮೂಲ ಪ್ರಸ್ತಾಪಕ್ಕೇ ಉತ್ತರವಾಗಿ, ಅದನ್ನು ಉಲ್ಲೇಖಿಸಿಯೇ ಬರೆಯಬೇಕು. ಇಲ್ಲವಾದರೆ ನಡುವೆ ಬಿದ್ದ ಶುಭಾಶಯಗಳಲ್ಲಿ ಅದು ಕಳೆದುಹೋಗುತ್ತದೆ.

‘ಸರ್, ಸಂಜೆ ಮಕ್ಕಳಿಗೆ ಗಣಿತ ಹತ್ತಲ್ಲ, ಬೆಳಗಿನ ಹೊತ್ತೇ ಒಳ್ಳೆಯದು ಅಂದಿದೀರಿ. ನನ್ನ ತರಗತಿಯಲ್ಲೂ ಅದನ್ನೇ ನೋಡ್ತಿದೀನಿ. 8:15ರ ಸಮಯ ಒಂದೇ ನನಗೆ ತೊಡಕಾಗಿ ಕಾಣ್ತಿದೆ. 46 ಮಕ್ಕಳಲ್ಲಿ 17 ಜನ ಬಸ್ಸಿಗೆ ಬರೋರು, ಬಸ್ಸು 9:25ಕ್ಕೆ, ಅದಕ್ಕೆ ಮುಂಚೆ ಬೇರೆ ಬಸ್ಸಿಲ್ಲ. ಗಣಿತದಲ್ಲಿ ಹಿಂದಿರೋ 12 ಮಕ್ಕಳಲ್ಲಿ 8 ಜನ ಇವರೇ. ಮೊದಲ ಪಿರಿಯಡ್ ನನ್ನದು. ವಾರಕ್ಕೆ ಮೂರು ದಿನ ಅದನ್ನು ನಿಮಗೆ ಬಿಟ್ಟುಕೊಟ್ಟು, ಸಮಾಜ ವಿಜ್ಞಾನ ನಾನು ಸಂಜೆ ತಗೊಳ್ಳಬಹುದಾ? ಬಸ್ಸಿನ ಬಗ್ಗೆ ನನಗೆ ಗೊತ್ತಿಲ್ಲದ ವ್ಯವಸ್ಥೆ ಇದ್ದರೆ ಯಾರಾದರೂ ತಿಳಿಸಿ.’

ಇದರ ಕಟ್ಟನ್ನು ಗಮನಿಸಿ. ಮೊದಲ ಸಾಲಿನಲ್ಲಿ ಎದುರಿನವರ ವಾದವನ್ನು ಅವರೇ ಒಪ್ಪುವ ಹಾಗೆ ಹೇಳಿದ್ದಾರೆ. ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಮಂಡಿಸಿ ಆಮೇಲೆ ಉತ್ತರ ಹೇಳುವ ನಮ್ಮ ಶಾಸ್ತ್ರಚರ್ಚೆಗಳ ಕ್ರಮವೇ ಇದು. ಇಲ್ಲಿ ಹೊಗಳಿಕೆ ಬೇಕಿಲ್ಲ. ‘ತುಂಬಾ ಚೆನ್ನಾಗಿದೆ ಸರ್, ಆದರೆ’ ಎಂಬ ಹೊಗಳಿಕೆಯ ಹಿಂದೆ ಏನು ಬರುತ್ತದೆಂದು ಎಲ್ಲರಿಗೂ ಗೊತ್ತು, ಯಾರೂ ಅದನ್ನು ನಂಬುವುದಿಲ್ಲ. ಆಮೇಲೆ ಆಕ್ಷೇಪವನ್ನು ಸಮಯ ಎಂಬ ಒಂದೇ ಅಂಶಕ್ಕೆ ಕಟ್ಟಿಹಾಕಿದ್ದಾರೆ. ಕೊಟ್ಟಿರುವ ಕಾರಣವನ್ನು ಯಾರು ಬೇಕಾದರೂ ಹಾಜರಿ ಪುಸ್ತಕ ತೆಗೆದು ಪರೀಕ್ಷಿಸಬಹುದು. ಪರಿಹಾರದ ಹೊರೆಯನ್ನು ಮೇಡಂ ತಾವೇ ಹೊತ್ತಿದ್ದಾರೆ, ಬಿಟ್ಟುಕೊಡುತ್ತಿರುವುದು ತಮ್ಮದೇ ಪಿರಿಯಡ್ಡನ್ನು. ಕೊನೆಯ ಸಾಲು ಮೌನಿಗಳಿಗೆ ಕೊಟ್ಟ ಕರೆ.

ಉತ್ತರ ಬರುತ್ತದೆ: ‘ಬಸ್ಸಿನ ಲೆಕ್ಕ ನೋಡಿರಲಿಲ್ಲ ಮೇಡಂ. ಆದರೆ 40 ನಿಮಿಷದ ಪಿರಿಯಡ್ ನನಗೆ ಸಾಲದು.’ ಕನ್ನಡದ ಮೇಷ್ಟ್ರು ಈಗ ಮಾತಾಡುತ್ತಾರೆ: ‘ಸಂಜೆ ವಾಪಸ್ ಬಸ್ಸು 5:40ಕ್ಕೆ. ಎರಡನೇ ಪಿರಿಯಡ್ ನನ್ನದು, ಎರಡು ದಿನ ನಾನೂ ಬಿಟ್ಟುಕೊಡ್ತೀನಿ.’ ಇಲ್ಲಿ ಮೇಡಂ ಮಾಡಬೇಕಾದ ಕೆಲಸ ಸುಮ್ಮನಿರುವುದು. ಬರುವ ಪ್ರತಿ ಸಂದೇಶಕ್ಕೂ ಉತ್ತರಿಸುತ್ತ ಹೋದರೆ ಚರ್ಚೆ ಮತ್ತೆ ಇಬ್ಬರ ನಡುವಿನದಾಗುತ್ತದೆ. ಯಾರಾದರೂ ‘ಪೋಲ್ ಹಾಕಿಬಿಡಿ’ ಎಂದರೆ ಒಪ್ಪಬಾರದು. ವಾಟ್ಸ್ಆಪ್ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರೆಂದು ಎಲ್ಲರಿಗೂ ಕಾಣುತ್ತದೆ. ಸಮಯದ ಪ್ರಶ್ನೆ ಆಗ ಇಬ್ಬರ ನಡುವಿನ ಚುನಾವಣೆಯಾಗುತ್ತದೆ.

ಮತ ಎಣಿಸದೆ ತೀರ್ಮಾನಕ್ಕೆ ಬರುವುದು ಹೇಗೆ? ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ಸಂಸ್ಥೆಯ ವಾಡಿಕೆ ಇಲ್ಲಿ ದಾರಿ ತೋರುತ್ತದೆ. ಒಮ್ಮತದ ಕುರಿತು 2014ರಲ್ಲಿ ಹೊರಬಂದ ಅದರ ಬರಹವೊಂದರ ತಿರುಳು ಹೀಗಿದೆ: ಎಷ್ಟು ಜನ ಪರ, ಎಷ್ಟು ಜನ ವಿರೋಧ ಎಂಬುದು ಮುಖ್ಯವಲ್ಲ, ಎತ್ತಿದ ಪ್ರತಿ ಆಕ್ಷೇಪಕ್ಕೂ ಉತ್ತರ ಸಿಕ್ಕಿದೆಯೇ ಎಂಬುದು ಮುಖ್ಯ. ಆಕ್ಷೇಪಕ್ಕೆ ತಕ್ಕಂತೆ ಯೋಜನೆ ಬದಲಾಗಲೇಬೇಕೆಂದಿಲ್ಲ, ಅದನ್ನು ಕೇಳಿ ತೂಗಿ ನೋಡಿರಬೇಕು. ಮೇಡಂಗೂ ಇದೇ ಅಳತೆ. ಬಸ್ಸಿನ ಪ್ರಶ್ನೆಗೆ ಯಾರೂ ಉತ್ತರಿಸದಿದ್ದರೆ ಒಮ್ಮೆ, ಹೆಚ್ಚೆಂದರೆ ಇನ್ನೊಮ್ಮೆ ಕೇಳಬಹುದು. ಉತ್ತರ ಬಂದು, ಮುಖ್ಯ ಶಿಕ್ಷಕರು ತೂಗಿ ನೋಡಿ, ಕೊನೆಗೂ 8:15 ಎಂದೇ ತೀರ್ಮಾನಿಸಿದರೆ ಗುಂಪಿನಲ್ಲಿ ಒಂದೇ ಮಾತು ಸಾಕು: ‘ಸರಿ ಸರ್, ಶುರು ಮಾಡೋಣ. ಬಸ್ಸಿನ ಮಕ್ಕಳ ಹಾಜರಿ ನಾನು ಬರೆದಿಡ್ತೀನಿ, ಎರಡು ವಾರ ಬಿಟ್ಟು ನೋಡೋಣ.’ ಬರೆದಿಟ್ಟ ಹಾಜರಿ ಆಮೇಲೆ ತಾನೇ ಮಾತಾಡುತ್ತದೆ. ಆ ಎರಡು ವಾರ ಸ್ಟಾಫ್ ರೂಮಿನಲ್ಲಿ ‘ನಾನಾಗಲೇ ಹೇಳಿದ್ದೆ’ ಎನ್ನದೆ ಜೊತೆಗೆ ನಿಂತು ಕೆಲಸ ಮಾಡುವುದೂ ಆಕ್ಷೇಪದ ಭಾಗವೇ.

ಈ ದಾರಿಗೆ ಮಿತಿಗಳಿವೆ. ಮಕ್ಕಳ ಸುರಕ್ಷತೆ, ಹಣದ ಅವ್ಯವಹಾರ, ಯಾರದೋ ಮೇಲಿನ ದೌರ್ಜನ್ಯದಂಥ ವಿಷಯಗಳನ್ನು ಮೃದುವಾದ ಮಾತಿನಲ್ಲಿ ಗುಂಪಿನಲ್ಲಿ ತೇಲಿಬಿಡಬಾರದು. ಅವನ್ನು ಬರವಣಿಗೆಯಲ್ಲಿ ಸಂಬಂಧಪಟ್ಟ ಅಧಿಕಾರಿಗೇ ಕೊಡಬೇಕು. ಭಿನ್ನಾಭಿಪ್ರಾಯ ಹೇಳಿದವರ ಮೇಲೆ ಹಗೆ ಸಾಧಿಸುವ ಮೇಲಧಿಕಾರಿ ಇರುವಲ್ಲಿ ಎಷ್ಟು ಒಳ್ಳೆಯ ಸಂದೇಶವೂ ರಕ್ಷಣೆ ಕೊಡದು, ಅಲ್ಲಿ ಒಬ್ಬರೇ ಬರೆಯುವ ಬದಲು ನಾಲ್ಕು ಜನ ಸೇರಿ ಹೇಳಬೇಕು. ಇನ್ನು ಕೈಯಲ್ಲಿ ಒಂದೂ ಆಧಾರವಿಲ್ಲದೆ, ಬರೀ ನನಗಿಷ್ಟವಿಲ್ಲ ಎನ್ನುವಷ್ಟೇ ಇದ್ದರೆ ಬರೆಯದಿರುವುದೇ ಲೇಸು.

ಮೇಡಂ ಬರೆದದ್ದು ಸರಿಯಾಯಿತೇ ಎಂಬುದು ಆ ಶನಿವಾರವೇ ತಿಳಿಯುವುದಿಲ್ಲ. ಗಣಿತದ ಮೇಷ್ಟ್ರು ಮುಂದಿನ ಸಲ ಹೊಸ ಯೋಚನೆಯೊಂದನ್ನು ಗುಂಪಿನಲ್ಲಿ ಇಡುತ್ತಾರೋ ಇಲ್ಲವೋ ಎಂಬುದು ನಿಜವಾದ ಪರೀಕ್ಷೆ. ಅವರು ಬಾಯಿ ಮುಚ್ಚಿಕೊಂಡರೆ, ಬಸ್ಸಿನ ಮಕ್ಕಳಿಗೆ ತರಗತಿ ಸಿಕ್ಕಿದ್ದರೂ ಶಾಲೆ ಒಬ್ಬ ಉತ್ಸಾಹಿಯನ್ನು ಕಳೆದುಕೊಂಡಿತು ಎಂದೇ ಅರ್ಥ. ಪ್ರಸ್ತಾಪ ಹಾಕುವ ಮೊದಲು ‘ಮೇಡಂ, ಇದರಲ್ಲಿ ಏನಾದರೂ ತೊಡಕಿದೆಯಾ, ಒಮ್ಮೆ ನೋಡಿ’ ಎಂದು ಅವರೇ ಕೇಳಿದರೆ ಆಕ್ಷೇಪ ತನ್ನ ಕೆಲಸವನ್ನು ಪೂರ್ತಿ ಮಾಡಿದೆ.