ತೂಕದ ಲೆಕ್ಕ, ರಕ್ತದ ಲೆಕ್ಕ

ಹಳೇಬೀಡಿನ ಕಡೆಯ ರೈತರೊಬ್ಬರು ವಾರಕ್ಕೆರಡು ಬಾರಿ ಬೆಳಗಿನ ಬಸ್ಸು ಹಿಡಿದು ಡಯಾಲಿಸಿಸ್‌ಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಅವರಿಗೆ ಮೊದಲು ಎದುರಾಗುವುದು ಯಂತ್ರವಲ್ಲ, ತೂಕದ ತಕ್ಕಡಿ. ಚಪ್ಪಲಿ, ಚೀಲ, ಮೊಬೈಲ್ ಬದಿಗಿಟ್ಟು ನಿಲ್ಲುತ್ತಾರೆ. ದಾದಿ ಹಾಳೆಯಲ್ಲಿ ಬರೆಯುತ್ತಾರೆ: 54.6 ಕಿಲೋ.

ಮೂತ್ರಪಿಂಡ ಕೆಟ್ಟವರಲ್ಲಿ ಕುಡಿದ ನೀರು ಹೊರಹೋಗದೆ ಮೈಯಲ್ಲೇ ನಿಲ್ಲುತ್ತದೆ. ಹೆಚ್ಚುವರಿ ನೀರಿಲ್ಲದಾಗಿನ ತೂಕವೇ ‘ಒಣ ತೂಕ’. ಈ ರೈತರದು 52 ಕಿಲೋ. ಅಂದರೆ ಸೇರಿಕೊಂಡಿರುವ ನೀರು 2.6 ಲೀಟರ್. ಕೊನೆಯಲ್ಲಿ ಕೊಳವೆಯ ರಕ್ತವನ್ನು ದೇಹಕ್ಕೆ ಮರಳಿಸಲು ಬಳಸುವ ಸಲೈನ್ 0.3 ಲೀಟರ್ ಕೂಡಿದರೆ ತೆಗೆಯಬೇಕಾದದ್ದು 2.9 ಲೀಟರ್.

ನಾಲ್ಕು ಗಂಟೆಗೆ ಹಂಚಿದರೆ ಗಂಟೆಗೆ 725 ಮಿ.ಲೀ. ಆದರೆ ಗಂಟೆಗೆ ಕಿಲೋವೊಂದಕ್ಕೆ 13 ಮಿ.ಲೀ. ಮೀರದಿದ್ದರೆ ಒಳ್ಳೆಯದೆಂಬುದು ರೂಢಿಯ ಮಿತಿ. ಇವರಿಗೆ ಅದು 676 ಮಿ.ಲೀ. ದಾದಿ ವೈದ್ಯರನ್ನು ಕೇಳುತ್ತಾರೆ. ಹೆಚ್ಚು ಹೊತ್ತು ನಡೆಸೋಣವೆಂದರೆ ಮುಂದಿನ ಪಾಳಿಯವರು ಕಾದಿದ್ದಾರೆ. ಹಾಗಾಗಿ ಇಂದು 2.5 ಲೀಟರ್ ಸಾಕೆಂದು ತೀರ್ಮಾನ.

ಸೂಜಿ ಚುಚ್ಚುವ ಮುನ್ನ ತೋಳಿನ ಪರೀಕ್ಷೆ. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದ ‘ಫಿಸ್ಟುಲಾ’ ಅಲ್ಲಿದೆ. 1966ರಲ್ಲಿ ಬ್ರೆಶಿಯಾ, ಸಿಮಿನೊ ಮತ್ತು ಸಂಗಡಿಗರು ವರದಿ ಮಾಡಿದ ವಿಧಾನವಿದು. ಬೆರಳಿಟ್ಟರೆ ಬೆಕ್ಕಿನ ಗುರುಗುರುವಿನಂಥ ಕಂಪನ ಸಿಗಬೇಕು, ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಬೇಕು. ಎರಡೂ ಇಲ್ಲವೆಂದರೆ ರಕ್ತ ಹೆಪ್ಪುಗಟ್ಟಿರಬಹುದು. ಸೂಜಿ ಹಾಕದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕೆಂಪು, ಊತ, ಕೀವು ಕಂಡರೆ ಸೋಂಕಿನ ಸೂಚನೆ. ಆ ತೋಳಿನಲ್ಲಿ ರಕ್ತದೊತ್ತಡ ಅಳೆಯುವಂತಿಲ್ಲ.

ಅರ್ಧ ಗಂಟೆಗೊಮ್ಮೆ ಒತ್ತಡ, ನಾಡಿ ದಾಖಲಾಗುತ್ತಿರುತ್ತವೆ. ಮೂರನೆಯ ಗಂಟೆ ಮುಗಿಯುವಾಗ ರೈತರು ಆಕಳಿಸತೊಡಗುತ್ತಾರೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಆರಂಭದಲ್ಲಿ 140/80 ಇದ್ದ ಒತ್ತಡ ಈಗ 90/50. ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲು ಮೇಲಕ್ಕೆತ್ತಿಸಿ, 200 ಮಿ.ಲೀ. ಸಲೈನ್ ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಒತ್ತಡ ಚೇತರಿಸುತ್ತದೆ. ಸಮಯ, ಲಕ್ಷಣ, ಕೊಟ್ಟದ್ದು ಎಲ್ಲವೂ ಹಾಳೆಗಿಳಿಯುತ್ತವೆ.

ಕೊನೆಗೆ ತೆಗೆದ ನೀರು ಸುಮಾರು 2.2 ಲೀಟರ್, ಒಳಹೋದದ್ದು ಅರ್ಧ ಲೀಟರ್. ತಕ್ಕಡಿ 52.9 ತೋರಿಸುತ್ತದೆ. ಉಳಿದ 900 ಗ್ರಾಂ ಮುಂದಿನ ಸರದಿಯ ಬಾಕಿ.

ಒಂದು ದಿನದ ಕುಸಿತದಿಂದ ಹೆಚ್ಚೇನೂ ತಿಳಿಯದು. ನಾಲ್ಕಾರು ಹಾಳೆಗಳಲ್ಲಿ ಒಣ ತೂಕದ ಹತ್ತಿರ ಬಂದಾಗಲೆಲ್ಲ ಒತ್ತಡ ಕುಸಿದಿದ್ದರೆ, ಕಾಲಿನಲ್ಲಿ ಊತವೂ ಇಲ್ಲದಿದ್ದರೆ, ವೈದ್ಯರಿಗೆ ಬೇರೆ ಅನುಮಾನ ಬರುತ್ತದೆ: ಮನುಷ್ಯ ಮೈಕೈ ತುಂಬಿಕೊಂಡಿರಬಹುದು, ಒಣ ತೂಕವನ್ನೇ ಏರಿಸಬೇಕಾಗಬಹುದು. ಚೀಲ ಹಿಡಿದೇ ತೂಗಿ ಒಂದು ಕಿಲೋ ತಪ್ಪು ಬರೆದಿದ್ದರೂ ಇದೇ ಕುಸಿತ. ಇಲ್ಲದ ಒಂದು ಲೀಟರ್ ನೀರನ್ನು ಯಂತ್ರ ರಕ್ತದಿಂದಲೇ ಎಳೆದಿರುತ್ತದೆ.

ಮನೆಯವರು ಮಾಡಬಹುದಾದ ಕೆಲಸವೂ ಇದೆ. ದಿನವೂ ಅದೇ ಹೊತ್ತಿಗೆ ತೂಕ ನೋಡಿ ಬರೆದಿಡುವುದು, ಫಿಸ್ಟುಲಾದ ಕಂಪನ ಮುಟ್ಟಿ ನೋಡುವುದು. ಅರಸೀಕೆರೆ ಸೀಮೆಯಲ್ಲಿ ನೆಂಟರು ಬಂದಾಗ ಪ್ರೀತಿಯಿಂದ ಕೊಡುವ ಎಳನೀರನ್ನು ಮಾತ್ರ ಇವರಿಗೆ ಕೊಡಬಾರದು. ಅದರಲ್ಲಿ ನೀರಿನ ಜೊತೆ ಪೊಟ್ಯಾಸಿಯಂ ಇದೆ. ಅದು ರಕ್ತದಲ್ಲಿ ಏರಿದರೆ ಹೃದಯ ಬಡಿತವೇ ತಪ್ಪಬಹುದು.