ಇನ್‌ಬಾಕ್ಸ್‌ನಲ್ಲಿ ಉಳಿಯಬೇಕಾದ ಮೇಲ್ ಯಾವುದು?

ಪೀಣ್ಯದ ಕಾರ್ಖಾನೆಯೊಂದರ ಖರೀದಿ ವಿಭಾಗದ ಜಿಮೇಲ್ ಖಾತೆಯನ್ನು ಊಹಿಸಿಕೊಳ್ಳಿ. ಕೊಟೇಶನ್, ಬಿಲ್ಲು, ಕೊರಿಯರ್ ಸೂಚನೆ, ಹಾಜರಾತಿ ವರದಿ ಎಲ್ಲವೂ ಒಂದೇ ಕಡೆ ಬಂದು ಬೀಳುತ್ತವೆ. ಐದಾರು ಸಾವಿರ ಮೇಲ್‌ಗಳ ನಡುವೆ ಸರಬರಾಜುದಾರರು ಕೇಳಿದ ಪ್ರಶ್ನೆಯೊಂದು ಕಣ್ತಪ್ಪಿದರೆ ಆಶ್ಚರ್ಯವಿಲ್ಲ. ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ನಮ್ಮಿಂದ ಏನಾದರೂ ಆಗಬೇಕಾದ ಮೇಲ್ ಮಾತ್ರ ಇನ್‌ಬಾಕ್ಸ್‌ನಲ್ಲಿರಲಿ.

ಮೊದಲು ಹಳೆಯ ರಾಶಿ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹುಡುಕುವ ಜಾಗದಲ್ಲಿ ಹೀಗೆ ಬರೆಯಿರಿ:

```
in:inbox older_than:30d
```

ತಿಂಗಳಿಗಿಂತ ಹಳೆಯವು ಬರುತ್ತವೆ. ಮೇಲಿನ ಚೌಕಕ್ಕೆ ಟಿಕ್ ಹಾಕಿದರೆ ಆ ಪುಟದಲ್ಲಿರುವವು, ಸಾಮಾನ್ಯವಾಗಿ 50, ಮಾತ್ರ ಆಯ್ಕೆಯಾಗುತ್ತವೆ. ಉಳಿದವೂ ಸೇರಬೇಕಾದರೆ Select all conversations that match this search ಒತ್ತಬೇಕು. ಅವಕ್ಕೆಲ್ಲ ‘ಹಳೆಯದು’ ಎಂಬ ಲೇಬಲ್ ಹಚ್ಚಿ Archive ಮಾಡಿ. ಜಿಮೇಲ್‌ನಲ್ಲಿ ಫೋಲ್ಡರ್‌ನ ಕೆಲಸ ಮಾಡುವುದು ಈ ಲೇಬಲ್ಲೇ. ಯಾವ ಮೇಲೂ ಅಳಿಸಿಹೋಗುವುದಿಲ್ಲ, ಹುಡುಕಿದರೆ ಸಿಗುತ್ತದೆ. ಯಾರಾದರೂ ಮರುತ್ತರ ಬರೆದರೆ ಆ ಸಂಭಾಷಣೆ ಇನ್‌ಬಾಕ್ಸ್‌ಗೇ ವಾಪಸ್ ಬರುತ್ತದೆ.

ಇನ್ನು ಹೊಸದಾಗಿ ಬರುವವು. ಕೊರಿಯರ್ ಸೂಚನೆ, ಹಾಜರಾತಿ ವರದಿಗಳಿಗೆ ಯಾರೂ ಉತ್ತರ ಕಾಯುವುದಿಲ್ಲ. ಅವನ್ನು ಕಳಿಸುವ ವಿಳಾಸಕ್ಕೆ ಫಿಲ್ಟರ್ ಮಾಡಿ, Skip the Inbox ಮತ್ತು Apply the label ಎರಡನ್ನೂ ಆರಿಸಿದರೆ ನೇರವಾಗಿ ‘ವರದಿ’ ಲೇಬಲ್ಲಿಗೆ ಹೋಗುತ್ತವೆ. ಎಡವಟ್ಟಾಗುವುದು ವಿಳಾಸದ ಬದಲು ಪದವನ್ನು ಹಿಡಿದಾಗ. invoice ಎಂಬ ಪದವಿರುವುದೆಲ್ಲ ಬದಿಗೆ ಹೋಗಲಿ ಎಂದರೆ, ‘ನಮ್ಮ invoiceಗೆ ಇನ್ನೂ ಹಣ ಬಂದಿಲ್ಲ’ ಎಂಬ ಸರಬರಾಜುದಾರರ ದೂರೂ ಅಲ್ಲೇ ಸೇರಿಬಿಡುತ್ತದೆ. ಆದ್ದರಿಂದ ಹೊಸ ಫಿಲ್ಟರ್ ಹಾಕಿದ ಮೊದಲ ವಾರ ಆ ಲೇಬಲ್ಲನ್ನು ದಿನವೂ ತೆರೆದು ನೋಡಿ. ಮನುಷ್ಯರು ಬರೆದ ಮೇಲ್ ಒಂದು ಅಲ್ಲಿ ಸಿಕ್ಕರೂ ಫಿಲ್ಟರ್ ತಿದ್ದಬೇಕೆಂದೇ ಅರ್ಥ.

ಇಷ್ಟಾದ ಮೇಲೆ ಉಳಿಯುವುದು ಉತ್ತರಿಸುವ ಕೆಲಸ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಒಂದು, ಸಂಜೆ ನಾಲ್ಕೂವರೆ ಎಂದು ಹೊತ್ತು ಗೊತ್ತುಮಾಡಿಕೊಂಡು, ಮಿಕ್ಕ ವೇಳೆ ಮೊಬೈಲಿನ ಮೇಲ್ ಸೂಚನೆಗಳನ್ನು ನಿಲ್ಲಿಸಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 124 ಮಂದಿ ಒಂದು ವಾರ ದಿನಕ್ಕೆ ಮೂರೇ ಬಾರಿ, ಇನ್ನೊಂದು ವಾರ ಬೇಕಾದಷ್ಟು ಸಲ ಮೇಲ್ ನೋಡಿದರು. ಮೂರೇ ಬಾರಿ ನೋಡಿದ ವಾರ ಅವರ ಮನಸ್ಸಿನ ಒತ್ತಡ ಕಡಿಮೆಯಿತ್ತು.

ಕೂತಾಗ, ಎರಡು ನಿಮಿಷದಲ್ಲಿ ಮುಗಿಯುವುದಕ್ಕೆ ಆಗಲೇ ಉತ್ತರಿಸಿ Archive ಮಾಡಿ. ಸ್ಟೋರಿನಲ್ಲಿ ದಾಸ್ತಾನು ವಿಚಾರಿಸಬೇಕಾದ್ದಕ್ಕೆ ‘ನಾಳೆ ಸಂಜೆಯೊಳಗೆ ತಿಳಿಸುತ್ತೇನೆ’ ಎಂದು ಬರೆದು ಇನ್‌ಬಾಕ್ಸ್‌ನಲ್ಲೇ ಬಿಡಿ. ಬೇರೆಯವರ ಉತ್ತರಕ್ಕೆ ಕಾಯಬೇಕಾದ್ದು ‘ಕಾಯುತ್ತಿರುವುದು’ ಲೇಬಲ್ಲಿಗೆ ಹೋಗಲಿ. ಶುಕ್ರವಾರ ಅದನ್ನು ತೆರೆದು, ಉತ್ತರ ಬಾರದವರಿಗೆ ನೆನಪಿಸಿ.

ಗ್ರಾಹಕರ ದೂರು ವಿಭಾಗದಂಥ ಕಡೆ ಈ ವೇಳಾಪಟ್ಟಿ ನಡೆಯುವುದಿಲ್ಲ. ಅಲ್ಲಿ ಮೇಲ್ ನೋಡುವುದೇ ಕೆಲಸ. ಉಳಿದವರು ತಮ್ಮ ಸಮಯವನ್ನು ಸಹೋದ್ಯೋಗಿಗಳಿಗೆ ಮೊದಲೇ ತಿಳಿಸಿ, ‘ತುರ್ತಿದ್ದರೆ ಫೋನ್ ಮಾಡಿ’ ಎಂದು ಹೇಳಿಟ್ಟರೆ ಲೈನ್ ನಿಲ್ಲುವಂಥ ಸುದ್ದಿ ಮೇಲ್‌ಗಾಗಿ ಕಾಯುವುದಿಲ್ಲ.